ಮಖಾನ ಬೀಜವಾ, ನಟ್ಟಾ, ಧಾನ್ಯವಾ? ಗೇರುಬೀಜ, ಪುಟಾಣಿ, ಮಂಡಕ್ಕಿ ಪಕ್ಕ ಇಟ್ಟು ನೋಡಿದ್ರೆ ಯಾವುದು ತಗೊಳ್ಳೋದು

ನಮ್ಮದು ಉಡುಪಿಯಲ್ಲಿ ಸಣ್ಣ ಜೀನಸಿನ ಅಂಗಡಿ, ಅಪ್ಪನ ಕಾಲದ್ದು. ಹತ್ತು ವರ್ಷ ಹಿಂದೆ ಮಖಾನ ಅಂದ್ರೆ ಇಲ್ಲಿ ಯಾರಿಗೂ ಗೊತ್ತಿರ್ಲಿಲ್ಲ, ಉತ್ತರದಿಂದ ಓದ್ಲಿಕ್ಕೆ ಬಂದ ಹುಡುಗರು ಮಾತ್ರ ಕೇಳ್ತಾ ಇದ್ದದ್ದು, ಈಗ ಜಿಮ್ಮಿಗೆ ಹೋಗುವವರು, ಶುಗರ್ ಇರುವವರು, ಉಪವಾಸದವರು, ಮಕ್ಕಳ ಟಿಫಿನ್ ಬಾಕ್ಸಿಗೆ ಅಂತ ಅಮ್ಮಂದಿರು ಎಲ್ಲರೂ ಕೇಳ್ತಾರೆ. ಕೇಳುವವರೆಲ್ಲ ಕೊನೆಗೆ ಒಂದೇ ಪ್ರಶ್ನೆ ಹಾಕ್ತಾರೆ, ಇದು ಎಂತದ್ದು ಮಾರಾಯ್ರೆ, ಡ್ರೈಫ್ರೂಟ್ ಸಾಲಲ್ಲಿ ಇಟ್ಟಿದ್ದೀರಿ, ನೋಡ್ಲಿಕ್ಕೆ ಹೊದ್ಲಿನ ಹಾಗೆ ಉಂಟು, ಪ್ಯಾಕೆಟಲ್ಲಿ ತಾವರೆ ಬೀಜ ಅಂತ ಬರ್ದಿದೆ ಅಂತ.

ನಾನೂ ಎರಡು ವರ್ಷ ಆ ತಾವರೆ ಬೀಜ ಅನ್ನೋದನ್ನೇ ಹೇಳಿ ಮಾರಿದ್ದೇನೆ. ತಪ್ಪು ಗೊತ್ತಾದದ್ದು ನಮ್ಮ ಹಳೇ ಗಿರಾಕಿ ಒಬ್ರು ರಿಟೈರ್ಡ್ ಟೀಚರ್ ಪ್ಯಾಕೆಟ್ ಹಿಂದೆ ಓದಿ ಜಗಳಕ್ಕೆ ನಿಂತಾಗ. ಒಂದು ಕಂಪೆನಿಯ ಪ್ಯಾಕೆಟಲ್ಲಿ 100 ಗ್ರಾಮಿಗೆ ಪ್ರೊಟೀನ್ 15 ಗ್ರಾಮ್ ಅಂತ ಉಂಟು, ಇನ್ನೊಂದರಲ್ಲಿ ಹತ್ತರ ಒಳಗೆ, "ಎರಡೂ ಮಖಾನವೇ ಅಲ್ವಾ, ಒಂದೇ ಗಿಡದ್ದು ಇಷ್ಟು ವ್ಯತ್ಯಾಸ ಹೇಗೆ ಬರ್ತದೆ, ಯಾರು ಸುಳ್ಳು ಹೇಳ್ತಾ ಇದ್ದಾರೆ ಹೇಳು" ಅಂತ. ನನಗೆ ಉತ್ತರ ಇರ್ಲಿಲ್ಲ. ಆಮೇಲೆ ಹುಡುಕ್ತಾ ಹೋದ ಹಾಗೆ ಗೊತ್ತಾಯ್ತು, ಆ 15 ಎಂಬ ಅಂಕೆ ಸುಳ್ಳಲ್ಲ, ಆದ್ರೆ ಅದು ಬೇರೆ ಗಿಡದ್ದು. ನಿಜವಾದ ತಾವರೆ ಬೀಜದ್ದು.

ತಾವರೆ ಬೇರೆ, ಮಖಾನ ಬೇರೆ. ನಮ್ಮ ಕಡೆ ಕೆರೆ ನೋಡಿದವರಿಗೆ ಇದು ಅರ್ಥ ಮಾಡ್ಕೊಳ್ಳಲು ಕಷ್ಟ ಇಲ್ಲ. ತಾವರೆ ಎಲೆ ಬೆಳೆದ ಮೇಲೆ ನೀರಿಂದ ಎದ್ದು ನಿಲ್ತದೆ, ನೈದಿಲೆ ಎಲೆ ನೀರಿನ ಮೇಲೆ ಚಪ್ಪಟೆ ಮಲಗ್ತದೆ. ಮಖಾನ ನೈದಿಲೆಯ ಕುಟುಂಬದ್ದು, ಹೆಸರು ಯೂರಿಯೇಲ್ ಫೆರಾಕ್ಸ್, ಎಲೆ ಮೀಟರಿಗಿಂತ ಅಗಲ ಆಗ್ತದೆ, ಎಲೆಗೆ ದಂಟಿಗೆ ಕಾಯಿಗೆ ಎಲ್ಲದಕ್ಕೂ ಮುಳ್ಳು, ಹೂ ನೇರಳೆ ಬಣ್ಣದ್ದು. ಮುಳ್ಳು ನೈದಿಲೆ ಅಂತ ಕರೆದ್ರೆ ಸರಿಯಾಗ್ತದೆ. ತಾವರೆ ನೋಡ್ಲಿಕ್ಕೆ ನೈದಿಲೆಯ ತಂಗಿ ಹಾಗೆ ಕಂಡ್ರೂ ಸಂಬಂಧದಲ್ಲಿ ಎಲ್ಲೋ ದೂರ, ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಅದು ನೈದಿಲೆಗಿಂತ ಮೆಕಡೇಮಿಯಾ ಮರಕ್ಕೆ ಹತ್ತಿರ ಅಂತೆ, ಕೇಳಿ ನಾನೇ ಎರಡು ಸಲ ಓದಿದ್ದು. ತಾವರೆ ಬೀಜ ಬರೋದು ಶವರಿನ ಬಾಯಿ ಹಾಗೆ ತೂತು ತೂತು ಇರುವ ಕಾಯಿಯಲ್ಲಿ, ಅದನ್ನು ನೆನೆಸಿ ಬೇಯಿಸಿ ತಿನ್ನೋದು. ಅಂಗಡಿಯಲ್ಲಿ ಬೆಳ್ಳಗೆ ಉಬ್ಬಿ ಹಗುರ ಇರೋದು ಮಾತ್ರ ಮಖಾನ.

ಇದು ಬರೋದು ಹೆಚ್ಚಿನಂಶ ಬಿಹಾರದಿಂದ, ದರ್ಭಂಗಾ, ಮಧುಬನಿ, ಪೂರ್ಣಿಯಾ, ಕಟಿಹಾರ್ ಕಡೆಯ ಕೆರೆ ಗದ್ದೆಗಳಿಂದ. 2022ರಲ್ಲಿ ಮಿಥಿಲಾ ಮಖಾನಕ್ಕೆ ಜಿಐ ಟ್ಯಾಗ್, ಅಂದ್ರೆ ಇದು ಆ ಊರಿನದ್ದೇ ಅನ್ನುವ ಸರ್ಕಾರಿ ಗುರುತು ಸಿಕ್ಕಿದೆ, ನಮ್ಮ ಮಟ್ಟು ಗುಳ್ಳ ಬದನೆಗೆ ಸಿಕ್ಕಿದ ಹಾಗೆ. ಕಾಯಿ ಕಿತ್ತಳೆಯಷ್ಟು ದೊಡ್ಡ, ಮೈಯೆಲ್ಲ ಮುಳ್ಳು, ಒಳಗೆ ತುಂಬಾ ಬೀಜ. ಕಾಯಿ ನೀರಲ್ಲೇ ಕೊಳೆತು ಒಡೀತದೆ, ಬೀಜದ ಸುತ್ತ ಲೋಳೆ ಇರ್ತದಲ್ವಾ ಅದರಿಂದ ಸ್ವಲ್ಪ ದಿನ ತೇಲ್ತದೆ, ಆಮೇಲೆ ಕೆರೆ ತಳದ ಕೆಸರಿಗೆ ಇಳೀತದೆ. ಅದನ್ನು ಅಲ್ಲಿನ ಮಲ್ಲಾಹ್ ಸಮುದಾಯದವರು ನೀರಿಗೆ ಮುಳುಗಿ ಕೆಸರು ಕೆದಕಿ ತೆಗೀತಾರೆ. ಬೀಜ ಕಪ್ಪು, ಬಟಾಣಿಯಷ್ಟು, ಕಲ್ಲಿನ ಹಾಗೆ ಗಟ್ಟಿ.

ಬಿಳಿ ಆಗೋದು ಹೇಗೆ ಅಂತ ತಿಳ್ಕೊಂಡ್ರೆ ಇದು ಎಂತದ್ದು ಅನ್ನೋದು ಅರ್ಧ ಗೊತ್ತಾಗ್ತದೆ. ಬೀಜ ತೊಳೆದು ಒಣಗಿಸಿ ಜಾಲರಿಯಲ್ಲಿ ಸೈಜ್ ಪ್ರಕಾರ ಬೇರೆ ಮಾಡ್ತಾರೆ, ಯಾಕಂದ್ರೆ ಸಣ್ಣದು ದೊಡ್ಡದು ಒಟ್ಟಿಗೆ ಹುರಿದ್ರೆ ಸಣ್ಣದು ಕರಟಿ ಹೋಗ್ತದೆ. ಒಂದು ಸಲ ಹುರಿದು ಎರಡು ಮೂರು ದಿನ ಹಾಗೇ ಇಡ್ತಾರೆ, ಆಗ ಒಳಗಿನ ತಿರುಳು ಸಿಪ್ಪೆಯಿಂದ ಸ್ವಲ್ಪ ಬಿಡ್ತದೆ. ಮತ್ತೆ ಎರಡನೇ ಸಲ ತುಂಬಾ ಬಿಸಿಯಲ್ಲಿ, ಬಾಣಲೆ 300 ಡಿಗ್ರಿ ಆಸುಪಾಸು ಇರ್ತದೆ, ಹುರಿದು ಒಂದು ಹಿಡಿ ತೆಗೆದು ಮರದ ಹಲಗೆ ಮೇಲೆ ಇಟ್ಟು ಮರದ ಕೊಡತಿಯಿಂದ ಬಡೀತಾರೆ. ಸಿಪ್ಪೆ ಒಡೆದ ಕೂಡ್ಲೇ ಒಳಗೆ ಒತ್ತಡದಲ್ಲಿದ್ದ ತೇವ ಹೊರಗೆ ನುಗ್ತದೆ, ಬೆಂದ ಪಿಷ್ಟ ಟಪ್ ಅಂತ ಉಬ್ಬಿ ಬಿಳಿ ಹೂವಾಗ್ತದೆ. ನಾಗರಪಂಚಮಿ ಹೊದ್ಲು ನೋಡಿದ್ದೀರಲ್ಲ, ಬಿಸಿ ಮರಳಲ್ಲಿ ಭತ್ತ ತನ್ನಷ್ಟಕ್ಕೆ ಒಡೆದು ಅರಳ್ತದೆ. ಮಖಾನದ ಸಿಪ್ಪೆ ಎಷ್ಟು ಗಟ್ಟಿ ಅಂದ್ರೆ ಅದು ತಾನಾಗಿ ಒಡೆಯೋದಿಲ್ಲ, ಮನುಷ್ಯ ಬಡೀಬೇಕು, ಅದೂ ಬಿಸಿ ಆರುವ ಮೊದಲು ಕೆಲವೇ ಸೆಕೆಂಡಲ್ಲಿ. ಎರಡೂವರೆ ಮೂರು ಕಿಲೋ ಬೀಜ ಬಡಿದ್ರೆ ಒಂದು ಕಿಲೋ ಮಖಾನ. ರೇಟ್ ಯಾಕೆ ಇಷ್ಟು ಅಂತ ಕೇಳುವವರಿಗೆ ನಾನು ಇದನ್ನೇ ಹೇಳೋದು, ಆ ದುಡ್ಡು ಪೌಷ್ಟಿಕಾಂಶದ್ದಲ್ಲ, ಮುಳುಗಿ ತೆಗೆದ ಕೈ ಮತ್ತು ಬಡಿದ ಕೈಯದ್ದು.

ಈಗ ಆ ಮೂರು ಪ್ರಶ್ನೆ. ನಟ್ಟಾ? ಇಂಗ್ಲಿಷಲ್ಲಿ ಫಾಕ್ಸ್ ನಟ್ ಅಂತ ಕರೀತಾರೆ, ಆದ್ರೆ ಸಸ್ಯಶಾಸ್ತ್ರದಲ್ಲಿ ನಟ್ ಅಂದ್ರೆ ತಾನಾಗಿ ಬಾಯಿ ಬಿಡದ ಒಂದು ಗಟ್ಟಿ ಒಣ ಹಣ್ಣು, ಸಾಮಾನ್ಯವಾಗಿ ಒಳಗೆ ಒಂದೇ ಬೀಜ. ಮಖಾನದ ಹಣ್ಣು ತಿರುಳು ತಿರುಳಾಗಿ ಒಳಗೆ ತುಂಬಾ ಬೀಜ ಇರುವಂಥದ್ದು, ನಾವು ತಿನ್ನೋದು ಅದರೊಳಗಿನ ಬೀಜ. ಹಾಗಾಗಿ ನಟ್ ಅಲ್ಲ. ತಮಾಷೆ ಎಂತ ಅಂದ್ರೆ ತಾವರೆ ಬೀಜ ಅಂತ ನಾವು ಹೇಳೋದು ಸಸ್ಯಶಾಸ್ತ್ರದ ಪ್ರಕಾರ ಬೀಜ ಅಲ್ಲ, ಅದು ಸಣ್ಣ ನಟ್ಟೇ, ಒಂದು ಗಟ್ಟಿ ಹಣ್ಣಲ್ಲಿ ಒಂದು ಬೀಜ. ಬೀಜ ಅಂತ ಹೆಸರಿದ್ದದ್ದು ನಟ್, ನಟ್ ಅಂತ ಹೆಸರಿದ್ದದ್ದು ಬೀಜ, ಎರಡನ್ನೂ ಒಂದೇ ಅಂತ ಹೇಳಿ ಮಾರಿದ್ದು ನಾನು. ಮತ್ತೆ ನಮ್ಮ ಗೇರು ಕೂಡ ಆ ಲೆಕ್ಕದಲ್ಲಿ ನಟ್ ಅಲ್ಲ, ಗೇರು ಹಣ್ಣಿನ ಕೆಳಗೆ ನೇತಾಡುವ ಆ ಬೂದು ಬಣ್ಣದ ಕಾಯಿಯೇ ನಿಜವಾದ ಹಣ್ಣು, ಅದರ ಒಳಗಿನ ಬೀಜ ನಾವು ತಿನ್ನೋದು. ಗೇರುಬೀಜ ಅಂತ ಹೆಸರಿಟ್ಟ ನಮ್ಮ ಹಿರಿಯರೇ ಕರೆಕ್ಟ್.

ಧಾನ್ಯವಾ? ಅಕ್ಕಿ, ಗೋಧಿ, ರಾಗಿ, ಜೋಳ ಇವೆಲ್ಲ ಹುಲ್ಲಿನ ಜಾತಿ, ಅದರಲ್ಲಿ ಹಣ್ಣಿನ ಸಿಪ್ಪೆ ಬೀಜದ ಸಿಪ್ಪೆ ಒಂದಕ್ಕೊಂದು ಅಂಟಿ ಒಂದೇ ಆಗಿರ್ತದೆ, ಅದಕ್ಕೆ ಧಾನ್ಯ ಅನ್ನೋದು. ಮಖಾನ ಹುಲ್ಲಲ್ಲ, ಆದ್ದರಿಂದ ಆ ಅರ್ಥದಲ್ಲಿ ಧಾನ್ಯ ಅಲ್ಲ. ಇನ್ನೂ ಒಂದು ಸೂಕ್ಷ್ಮ ಉಂಟು, ಅಕ್ಕಿಯ ಬಿಳಿ ಭಾಗ ಪರಾಗಸ್ಪರ್ಶ ಆದ ಮೇಲೆ ಭ್ರೂಣದ ಜೊತೆ ಹೊಸದಾಗಿ ಹುಟ್ಟುವ ಎಂಡೋಸ್ಪರ್ಮ್ ಅನ್ನೋ ಅಂಗಾಂಶ, ಮಖಾನದ ಬಿಳಿ ಭಾಗ ತಾಯಿ ಗಿಡದ್ದೇ ಅಂಗಾಂಶ, ಪೆರಿಸ್ಪರ್ಮ್ ಅಂತಾರೆ. ತೋಟ ಇರುವವರಿಗೆ ಒಂದು ಉದಾಹರಣೆ, ಕರಿಮೆಣಸು ಒಡೆದ್ರೆ ಒಳಗೆ ಬೆಳ್ಳಗೆ ಕಾಣ್ತದಲ್ಲ, ಅದೂ ಹೆಚ್ಚಾಗಿ ಪೆರಿಸ್ಪರ್ಮೇ.

ಹಾಗಾದ್ರೆ ಬೀಜ. ಹೌದು, ಬೀಜ. ಆದ್ರೆ ಬೀಜ ಅಂದ ಕೂಡ್ಲೇ ಜನರಿಗೆ ಕುಂಬಳ ಬೀಜ, ಸೂರ್ಯಕಾಂತಿ ಬೀಜ ನೆನಪಾಗ್ತದೆ, ಎಣ್ಣೆ ಉಂಟು, ಪ್ರೊಟೀನ್ ಉಂಟು ಅಂತ. ಮಖಾನದಲ್ಲಿ ಎಣ್ಣೆ ಇಲ್ಲ ಅಂತ್ಲೇ ಹೇಳ್ಬಹುದು, ಇರೋದು ಪಿಷ್ಟ. ಹಾಗಾಗಿ ಹುಟ್ಟಿನಲ್ಲಿ ಬೀಜ, ಹೆಸರಲ್ಲಿ ನಟ್, ತಟ್ಟೆಗೆ ಬಂದಾಗ ಅದರ ಕೆಲಸ ಧಾನ್ಯದ್ದು. ತಗೊಳ್ಳುವವರು ನೋಡ್ಬೇಕಾದ್ದು ಈ ಮೂರನೇದನ್ನು.

ಅಂಕೆಗೆ ಬರುವ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೇ ಆಹಾರ ಪಟ್ಟಿಯಲ್ಲಿ ಮಖಾನ 100 ಗ್ರಾಮಿಗೆ ಸುಮಾರು 347 ಕ್ಯಾಲರಿ, ಪ್ರೊಟೀನ್ 9.7 ಗ್ರಾಮ್, ಕೊಬ್ಬು 0.1 ಗ್ರಾಮ್, ಕಾರ್ಬೋಹೈಡ್ರೇಟ್ 77 ಗ್ರಾಮ್ ಅಂತ ಉಂಟು. ಅದೇ ಪಟ್ಟಿಯಲ್ಲಿ ಮಂಡಕ್ಕಿ, ನಾವು ಚರುಮುರಿಗೆ ಹಾಕೋದು, 325 ಕ್ಯಾಲರಿ, ಪ್ರೊಟೀನ್ 7.5, ಕೊಬ್ಬು 0.1, ಕಾರ್ಬೋಹೈಡ್ರೇಟ್ 74. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮಖಾನ ಒಂಚೂರು ಮೇಲೆ, ಅಷ್ಟೇ. ಮಂಡಕ್ಕಿಗೆ ಉಪ್ಪು ಹಾಕಿರ್ತಾರೆ, ಸಾದಾ ಮಖಾನದಲ್ಲಿ ಉಪ್ಪಿಲ್ಲ, ಬಿಪಿ ಇರುವವರಿಗೆ ಅದು ನಿಜವಾದ ಲಾಭ, ಬಾಯಲ್ಲಿ ಕರುಂ ಅನ್ನುವ ಖುಷಿಯೂ ಬೇರೆ, ಅದನ್ನು ಇಲ್ಲ ಅನ್ನೋದಿಲ್ಲ. ಆದ್ರೆ ಇದು ಗೇರುಬೀಜದ ಸಾಲಿನ ತಿಂಡಿ ಅಂತ ನಂಬಿ ದುಡ್ಡು ಕೊಡೋದಾದ್ರೆ ಲೆಕ್ಕ ತಪ್ತದೆ. ಗೇರುಬೀಜ 100 ಗ್ರಾಮಿಗೆ 596 ಕ್ಯಾಲರಿ, ಪ್ರೊಟೀನ್ 21, ಕೊಬ್ಬು 47, ಕಾರ್ಬೋಹೈಡ್ರೇಟ್ 22. ಪುಟಾಣಿ, ಅಂದ್ರೆ ಹುರಿಗಡಲೆ, 369 ಕ್ಯಾಲರಿ, ಪ್ರೊಟೀನ್ 22, ಕೊಬ್ಬು 5, ಕಾರ್ಬೋಹೈಡ್ರೇಟ್ 58.

ಆ 15 ಗ್ರಾಮ್ ಪ್ರೊಟೀನಿನ ಕಥೆ ಹೀಗೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಒಣ ತಾವರೆ ಬೀಜ ಅಂತ ಒಂದು ಐಟಂ ಉಂಟು, 332 ಕ್ಯಾಲರಿ, ಪ್ರೊಟೀನ್ 15.4, ಕ್ಯಾಲ್ಸಿಯಂ 163 ಮಿಲಿಗ್ರಾಮ್, ಪೊಟ್ಯಾಸಿಯಂ 1368 ಮಿಲಿಗ್ರಾಮ್. ಮಖಾನವನ್ನು ಇಂಗ್ಲಿಷಲ್ಲಿ ತಾವರೆ ಬೀಜ ಅಂತ ಕರೆದವರು ಈ ಅಂಕೆ ನೋಡಿದ್ರೆ ಅದನ್ನೇ ಎತ್ತಿ ಮಖಾನಕ್ಕೆ ಹಚ್ತಾರೆ. ಮಖಾನ ತಿಂದ್ರೆ ಎಲುಬು ಗಟ್ಟಿ, ಕ್ಯಾಲ್ಸಿಯಂ ಭಂಡಾರ ಅಂತ ವಾಟ್ಸಾಪಲ್ಲಿ ಬರ್ತದಲ್ವಾ, ನಮ್ಮ ಪಟ್ಟಿಯಲ್ಲಿ ಮಖಾನದ ಕ್ಯಾಲ್ಸಿಯಂ 100 ಗ್ರಾಮಿಗೆ 20 ಮಿಲಿಗ್ರಾಮ್. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 1000 ಮಿಲಿಗ್ರಾಮ್ ಹತ್ತಿರ. ರಾಗಿಯಲ್ಲಿ 344 ಉಂಟು. ಅಂದ್ರೆ ಎಲುಬಿಗೆ ಅಂತ ಮಖಾನ ತಗೊಳ್ಳುವವರು ಅದೇ ದುಡ್ಡಲ್ಲಿ ರಾಗಿ ಹುಡಿ ಕೊಂಡೋಗ್ಲಿ, ನನಗೆ ವ್ಯಾಪಾರ ಎರಡರಲ್ಲೂ ಆಗ್ತದೆ.

ನಿಮ್ಮ ಕೈಯಲ್ಲಿರುವ ಪ್ಯಾಕೆಟ್ ನಕಲು ಅಂಕೆಯದ್ದಾ ಅಂತ ತಿಳಿಯಲು ಒಂದು ಸುಲಭ ದಾರಿ. ಸಾದಾ ಮಖಾನಕ್ಕೆ ಪ್ರೊಟೀನ್ 9, 10 ಅಂತ ಇದ್ದು ಕಾರ್ಬೋಹೈಡ್ರೇಟ್ 75ರ ಮೇಲೆ ಇದ್ರೆ ಅದು ನಂಬುವ ಹಾಗಿದೆ. ಪ್ರೊಟೀನ್ 15, ಕಾರ್ಬೋಹೈಡ್ರೇಟ್ 64 ಅಂತ ಜೋಡಿಯಾಗಿ ಕಂಡ್ರೆ ಅದು ತಾವರೆಯ ಅಂಕೆ, ಪಟ್ಟಿಯಿಂದ ಎತ್ತಿದ್ದು.

ಈಗ ಟೀಚರ್ ವಿಷಯ. ಅವರ ಯಜಮಾನರಿಗೆ ಶುಗರ್. ಸಂಜೆ ಕಾಫಿಗೆ ಬಜ್ಜಿ ಅಂಬಡೆ ಎಲ್ಲ ಬಂದ್ ಮಾಡಿ ಮಸಾಲೆ ಮಖಾನದ 80 ಗ್ರಾಮಿನ ಪ್ಯಾಕೆಟ್ ಕೊಡ್ತಾ ಇದ್ರು, ಅವರು ಟಿವಿ ನೋಡ್ತಾ ಇಡೀ ಪ್ಯಾಕೆಟ್ ಮುಗಿಸ್ತಾ ಇದ್ರು, ಹಗುರ ಅಲ್ವಾ, ತಿಂದದ್ದೇ ಗೊತ್ತಾಗೋದಿಲ್ಲ. "ಇದರಲ್ಲಿ ಎಂತ ಉಂಟು, ಗಾಳಿ" ಅಂತ ಹೇಳ್ತಾರಂತೆ. ನಾನು ಕೌಂಟರಿನ ಸ್ಕೇಲಲ್ಲಿ 80 ಗ್ರಾಮ್ ಸಾದಾ ಮಖಾನ ಒಂದು ಕವರಿಗೆ, 80 ಗ್ರಾಮ್ ಅಕ್ಕಿ ಇನ್ನೊಂದು ಕವರಿಗೆ ಹಾಕಿ ಅವರ ಎದುರು ಇಟ್ಟೆ. ಮಖಾನದ ಕವರ್ ಉಬ್ಬಿ ತಲೆದಿಂಬಿನ ಹಾಗೆ, ಅಕ್ಕಿ ಒಂದು ಮುಷ್ಟಿ ಚಿಲ್ಲರೆ. ಆದ್ರೆ ಅಕ್ಕಿಯಲ್ಲೂ 100 ಗ್ರಾಮಿಗೆ ಕಾರ್ಬೋಹೈಡ್ರೇಟ್ 78ರ ಹತ್ತಿರವೇ, ಅಂದ್ರೆ ತೂಕಕ್ಕೆ ತೂಕ ಎರಡೂ ಒಂದೇ. 80 ಗ್ರಾಮ್ ಮಖಾನ ಅಂದ್ರೆ 61 ಗ್ರಾಮ್ ಕಾರ್ಬೋಹೈಡ್ರೇಟ್, ಮೇಲಿಂದ ಮಸಾಲೆಯ ಎಣ್ಣೆ ಉಪ್ಪು ಬೇರೆ. ಸಂಜೆ ಐದು ಗಂಟೆಗೆ ಅವರು ತಿಂಡಿ ಅಲ್ಲ, ಒಂದು ಊಟದ ಅನ್ನ ತಿಂತಾ ಇದ್ದದ್ದು, ಆಮೇಲೆ ರಾತ್ರಿ ಎಂಟಕ್ಕೆ ಪುನಃ ಕುಚ್ಚಲಕ್ಕಿ ಗಂಜಿ.

ಟೀಚರ್ ಸ್ವಲ್ಪ ಹೊತ್ತು ಆ ಎರಡು ಕವರ್ ನೋಡ್ತಾ ನಿಂತ್ರು. "ಅಲ್ಲ ಮಾರಾಯ, ಹಾಗಾದ್ರೆ ಇವರಿಗೆ ಕೊಡ್ಲೇಬಾರ್ದಾ?" ಅಂತ ಕೇಳಿದ್ರು. ಕೊಡ್ಬಾರ್ದು ಅಂತ ಅಲ್ಲ ಟೀಚರೇ, ಅಳತೆ ಮಾಡಿ ಕೊಡಿ ಅಂದೆ. ನಾವಿಬ್ರೂ ಕೂತು ಒಂದು ಲೆಕ್ಕ ಹಾಕಿದ್ವಿ. ಸಾದಾ ಮಖಾನ 20 ಗ್ರಾಮ್, ಪುಟಾಣಿ 15 ಗ್ರಾಮ್, ಗೇರುಬೀಜ 5 ಗ್ರಾಮ್, ಇದು ಡಬ್ಲ್ಯೂ 320 ಗ್ರೇಡಲ್ಲಿ ಮೂರೂವರೆ ಬೀಜ ಆಗ್ತದೆ, ಯಾಕಂದ್ರೆ 320 ಅಂದ್ರೆ ಒಂದು ಪೌಂಡಿಗೆ ಅಷ್ಟು ಬೀಜ ಅಂತ, ಗೇರು ಫ್ಯಾಕ್ಟರಿ ಊರಲ್ಲಿ ಹುಟ್ಟಿದವರಿಗೆ ಇದು ಹೇಳ್ಬೇಕಾಗಿಲ್ಲ. ಒಟ್ಟು 40 ಗ್ರಾಮ್, ಕಾರ್ಬೋಹೈಡ್ರೇಟ್ ಸುಮಾರು 25 ಗ್ರಾಮ್, ಪ್ರೊಟೀನ್ 6 ಚಿಲ್ಲರೆ, ಕ್ಯಾಲರಿ 155 ಹತ್ತಿರ. ಮೊದಲಿನ 80 ಗ್ರಾಮಿನ ಪ್ಯಾಕೆಟಲ್ಲಿ ಪ್ರೊಟೀನ್ 8 ಇತ್ತು, ಕಾರ್ಬೋಹೈಡ್ರೇಟ್ 61. ಪ್ರೊಟೀನ್ ಅಷ್ಟೇನೂ ಇಳೀಲಿಲ್ಲ, ಪಿಷ್ಟ ಅರ್ಧಕ್ಕಿಂತ ಕೆಳಗೆ ಬಂತು, ಬಟ್ಟಲು ತುಂಬಿದ ಹಾಗೆಯೂ ಕಾಣ್ತದೆ, ಯಾಕಂದ್ರೆ 20 ಗ್ರಾಮ್ ಮಖಾನ ಒಂದು ದೊಡ್ಡ ಬಟ್ಟಲಿಗೆ ಆಗ್ತದೆ. ತಿಂದು ಎರಡು ಗಂಟೆ ಬಿಟ್ಟು ಮನೆಯ ಮೀಟರಲ್ಲಿ ಶುಗರ್ ನೋಡಿ ಬರ್ದಿಟ್ಟು ಡಾಕ್ಟ್ರಿಗೆ ತೋರ್ಸಿ ಅಂತಲೂ ಹೇಳಿದೆ, ಒಬ್ಬೊಬ್ಬರ ದೇಹ ಒಂದೊಂದು ರೀತಿ, ಅಂಗಡಿಯವನ ಮಾತು ಅಲ್ಲಿಗೆ ನಿಲ್ಬೇಕು.

ಈ ಮಿಕ್ಸಲ್ಲಿ ನಿಜವಾಗಿ ಕೆಲಸ ಮಾಡೋದು ಪುಟಾಣಿ, ಮಖಾನ ಜಾಗ ತುಂಬಿಸ್ಲಿಕ್ಕೆ. ದುಡ್ಡಿನ ಲೆಕ್ಕ ನೋಡಿದ್ರೆ ನಗು ಬರ್ತದೆ. ಇವತ್ತು ನಮ್ಮಲ್ಲಿ 100 ಗ್ರಾಮ್ ಮಖಾನ 140 ರೂಪಾಯಿ, ಪುಟಾಣಿ 100 ಗ್ರಾಮಿಗೆ 14. ಹತ್ತು ಪಟ್ಟು ದುಡ್ಡು ಕೊಟ್ಟು ಅರ್ಧಕ್ಕಿಂತ ಕಮ್ಮಿ ಪ್ರೊಟೀನ್. ಜಿಮ್ಮಿನ ಹುಡುಗರು ಪ್ರೊಟೀನಿಗೆ ಅಂತ ಮಖಾನ ಕೇಳಿದ್ರೆ ನಾನು ಪುಟಾಣಿ ಡಬ್ಬಿ ಕಡೆ ಕೈ ತೋರಿಸ್ತೇನೆ, ಅವರಿಗೆ ಅದು ಅಜ್ಜಿ ತಿನ್ನುವ ವಸ್ತು ಅಂತ ಕಾಣ್ತದೆ, ಮುಖ ಸಣ್ಣ ಮಾಡಿ ಮಖಾನವೇ ತಗೊಂಡು ಹೋಗ್ತಾರೆ. ಹಾಗಂತ ತೂಕ ಇಳಿಸುವವರಿಗೆ ಗೇರುಬೀಜ ಬಿಟ್ಟು ಮಖಾನ ಹಿಡಿಯೋದ್ರಲ್ಲಿ ಅರ್ಥ ಉಂಟು, 30 ಗ್ರಾಮ್ ಗೇರುಬೀಜ ಅಂದ್ರೆ ಇಪ್ಪತ್ತು ಬೀಜ, 180 ಕ್ಯಾಲರಿ, ಎರಡು ನಿಮಿಷದಲ್ಲಿ ಖಾಲಿ. 30 ಗ್ರಾಮ್ ಮಖಾನ 105 ಕ್ಯಾಲರಿ, ತಿಂದು ಮುಗಿಸ್ಲಿಕ್ಕೆ ಹೊತ್ತು ಬೇಕು. ಆದ್ರೆ ಅದಕ್ಕೆ ತುಪ್ಪ ಎಷ್ಟು ಹಾಕ್ತೀರಿ ಅನ್ನೋದ್ರ ಮೇಲೆ ಎಲ್ಲ ನಿಂತಿದೆ. ಮಖಾನ ಸ್ಪಂಜಿನ ಹಾಗೆ, ಶುರುವಿಗೇ ತುಪ್ಪ ಹಾಕಿದ್ರೆ ಕುಡಿದು ಕೂತ್ಕೊಳ್ತದೆ, ನಿಮಗೆ ಸಾಕಾಗ್ಲಿಲ್ಲ ಅಂತ ಕಂಡು ಮತ್ತೆ ಹಾಕ್ತೀರಿ. ಎರಡು ಸಣ್ಣ ಚಮಚ ತುಪ್ಪ ಅಂದ್ರೆ 90 ಕ್ಯಾಲರಿ, ಅಲ್ಲಿಗೆ ಗೇರುಬೀಜಕ್ಕೆ ಸಮ ಆಯ್ತು. ಮೊದಲು ಬರೀ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಹುರೀರಿ, ಒಂದು ತೆಗೆದು ಬೆರಳಲ್ಲಿ ಒತ್ತಿದ್ರೆ ಪುಡಿಯಾಗ್ಬೇಕು, ಒತ್ತಿದ ಜಾಗ ತಗ್ಗಾಗಿ ಉಳಿದ್ರೆ ಇನ್ನೂ ಆಗ್ಲಿಲ್ಲ. ಸ್ಟವ್ ಆಫ್ ಮಾಡಿದ ಮೇಲೆ ಒಂದು ಸಣ್ಣ ಚಮಚ ತುಪ್ಪದಲ್ಲಿ ಅರಿಶಿನ, ಕಾಳುಮೆಣಸಿನ ಹುಡಿ, ಉಪ್ಪು ಕಲಸಿ ಬೇಗ ಬೇಗ ತಿರುವಿದ್ರೆ ಮೇಲೆ ಮಾತ್ರ ಅಂಟ್ತದೆ.

ಏಕಾದಶಿ ಪ್ರಶ್ನೆ ನಮ್ಮ ಊರಲ್ಲಿ ಬರದೇ ಇರೋದಿಲ್ಲ. ಧಾನ್ಯ ಅಲ್ಲ ಅಂತ ಹೇಳಿದಿರಲ್ಲ, ಹಾಗಾದ್ರೆ ತಿನ್ಬಹುದಾ ಅಂತ. ಉತ್ತರದಲ್ಲಿ ವ್ರತದ ದಿನ ಮಖಾನದ ಖೀರು ಮಾಡ್ತಾರೆ, ಅಲ್ಲಿ ಇದು ಫಲಾಹಾರದ ಲೆಕ್ಕಕ್ಕೆ ಸೇರಿದೆ. ನಮ್ಮಲ್ಲಿ ನಿರ್ಜಲ ಮಾಡುವವರೂ ಇದ್ದಾರೆ, ಅವಲಕ್ಕಿ ತಿನ್ನುವ ಮನೆಗಳೂ ಇವೆ, ಅವಲಕ್ಕಿ ಅಂದ್ರೆ ಅಕ್ಕಿಯೇ ಅಲ್ವಾ, ಹಾಗಾಗಿ ಇದು ಸಸ್ಯಶಾಸ್ತ್ರ ತೀರ್ಮಾನ ಮಾಡುವ ವಿಷಯ ಅಲ್ಲ, ಮನೆಯ ಸಂಪ್ರದಾಯದ್ದು. ನಮ್ಮ ಅಮ್ಮ ಮಾತ್ರ ಒಂದೇ ಮಾತಲ್ಲಿ ಮುಗಿಸಿದ್ರು, "ನಮ್ಮ ಅತ್ತೆ ಇದನ್ನು ಕಂಡವರಲ್ಲ, ಕಾಣದ್ದಕ್ಕೆ ನಿಷೇಧವೂ ಇಲ್ಲ ಅನುಮತಿಯೂ ಇಲ್ಲ, ದ್ವಾದಶಿಗೆ ತಿಂದ್ರಾಯ್ತು".

ನಟ್ ಅಲರ್ಜಿ ಇರುವ ಮಕ್ಕಳ ಮನೆಯವರಿಗೆ ಬೀಜವಾ ನಟ್ಟಾ ಅನ್ನೋದು ಬರೀ ಹರಟೆ ಅಲ್ಲ. ಗೇರು ಮಾವಿನ ಕುಟುಂಬದ್ದು, ಮಖಾನ ನೈದಿಲೆ ಕುಟುಂಬದ್ದು, ಒಂದಕ್ಕೊಂದು ನೆಂಟಸ್ತಿಕೆ ಇಲ್ಲ, ಹಾಗಾಗಿ ಗೇರು ಆಗದವರಿಗೆ ಮಖಾನವೂ ಆಗೋದಿಲ್ಲ ಅಂತ ಹೇಳ್ಲಿಕ್ಕೆ ಬರೋದಿಲ್ಲ. ಆದ್ರೆ ಅಂಗಡಿಯಲ್ಲಿ ನಡೆಯೋದು ಹೇಳ್ತೇನೆ, ಗೇರುಬೀಜ ತೂಗಿದ ಅದೇ ತಟ್ಟೆಯಲ್ಲಿ, ಅದೇ ಕೈಯಲ್ಲಿ ಮಖಾನ ತೂಗ್ತೇವೆ, ಮಸಾಲೆ ಮಖಾನ ಮಾಡುವಲ್ಲಿಯೂ ಪಕ್ಕದ ಬಾಣಲೆಯಲ್ಲಿ ಗೇರು ಹುರೀತಾ ಇರ್ಬಹುದು. ಅಂಥ ಮನೆಯವರು ಲೂಸ್ ತಗೊಳ್ಬೇಡಿ, ಪ್ಯಾಕೆಟಲ್ಲಿ ಅಲರ್ಜಿ ಸಾಲು ಓದಿ, ಮೊದಲು ಡಾಕ್ಟ್ರ ಹತ್ರ ಕೇಳಿ.

ಕೊನೆಗೆ ಆರಿಸೋದು. ವ್ಯಾಪಾರದಲ್ಲಿ ಮಖಾನದ ಸೈಜ್ ಸುತಾ ಲೆಕ್ಕದಲ್ಲಿ, ಒಂದು ಸುತಾ ಅಂದ್ರೆ ಇಂಚಿನ ಎಂಟನೇ ಒಂದು ಭಾಗ, ಮೂರು ಮಿಲಿಮೀಟರ್ ಚಿಲ್ಲರೆ. 4 ಸುತಾ ಸಣ್ಣದು, 5 ಮಧ್ಯಮ, 6 ಅಂದ್ರೆ ದೊಡ್ಡ ದೊಡ್ಡದು, ರೇಟೂ ಹಾಗೇ ಏರ್ತದೆ. ದೊಡ್ಡದರಲ್ಲಿ ಪೌಷ್ಟಿಕಾಂಶ ಜಾಸ್ತಿ ಅಂತ ಏನೂ ಇಲ್ಲ, ಚೆನ್ನಾಗಿ ಉಬ್ಬಿದೆ ಅಷ್ಟೇ, ಖೀರಿಗೆ ಪುಡಿ ಮಾಡಿ ಹಾಕುವವರು 6 ಸುತಾ ತಗೊಳ್ಳೋದು ದಂಡ. ಮೇಲೆ ಕಂದು ಚುಕ್ಕೆ ಇರ್ತದಲ್ವಾ ಅದು ಸಿಪ್ಪೆಯ ಉಳಿಕೆ, ಕೊಳೆ ಅಲ್ಲ. ಸರಿಯಾಗಿ ಅರಳದೆ ಅರ್ಧದಲ್ಲಿ ನಿಂತ ಗಟ್ಟಿ ಕಾಳುಗಳಿಗೆ ಠುರ್ರಿ ಅಂತಾರೆ, ಅಜ್ಜ ಅಜ್ಜಿಯರ ಹಲ್ಲಿಗೆ ಅದು ಡೇಂಜರ್, ಚೀಪ್ ರೇಟಿನ ಮಖಾನದಲ್ಲಿ ಜಾಸ್ತಿ ಸಿಗ್ತದೆ, ಕೈಯಲ್ಲಿ ಹಿಡಿದು ತೂಗಿದ್ರೆ ಗೊತ್ತಾಗ್ತದೆ, ಒಂದೇ ಸೈಜಿಗೆ ಭಾರ ಜಾಸ್ತಿ. ಮತ್ತೆ ನಾಲ್ಕೈದು ಕಾಳು ಮುರಿದು ಒಳಗೆ ನೋಡಿ, ಹಳೇ ಸ್ಟಾಕಲ್ಲಿ ಹುಳ ಒಳಗೆ ಕೂತಿರ್ತದೆ, ಹೊರಗಿಂದ ಸಣ್ಣ ತೂತು ಬಿಟ್ರೆ ಏನೂ ಕಾಣೋದಿಲ್ಲ, ಅಡಿಯಲ್ಲಿ ಹುಡಿ ಬಿದ್ದಿದ್ರೆ ಆ ಕವರ್ ವಾಪಸ್ ಕೊಡಿ.

ನಮ್ಮ ಕಡೆಗೆ ಸ್ಪೆಷಲ್ ಕಷ್ಟ ಮಳೆಗಾಲ. ಆಟಿ ತಿಂಗಳಲ್ಲಿ ಕವರ್ ಬಾಯಿ ತೆರೆದಿಟ್ಟು ಮರುದಿನ ನೋಡಿದ್ರೆ ಮಖಾನ ರಬ್ಬರ್ ಆಗಿರ್ತದೆ. ಅದು ಹಾಳಾದದ್ದಲ್ಲ, ತೇವ ಕುಡಿದದ್ದು, ಮುಗ್ಗು ವಾಸನೆ ಇಲ್ಲದಿದ್ರೆ ಪುನಃ ಸಣ್ಣ ಉರಿಯಲ್ಲಿ ಹುರಿದು ಪೂರ್ತಿ ಆರಿಸಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಬಿಸಿ ಇರುವಾಗ್ಲೇ ಮುಚ್ಚಿದ್ರೆ ಮುಚ್ಚಳದಡಿ ಬೆವರಿ ಪುನಃ ಅದೇ ಕಥೆ. ನಾನು ಜೂನಿಂದ ಸೆಪ್ಟೆಂಬರ್ ತನಕ ಗಿರಾಕಿಗಳಿಗೆ 100 ಗ್ರಾಮಿಗಿಂತ ಜಾಸ್ತಿ ಕೊಡೋದಿಲ್ಲ, ಅರ್ಧ ಕಿಲೋ ಕೇಳಿದವರಿಗೂ. ಡಬ್ಬಿಯ ಮೇಲಿದ್ದ ತಾವರೆ ಬೀಜ ಅನ್ನುವ ಚೀಟಿ ಕಿತ್ತು ಮುಳ್ಳು ನೈದಿಲೆ ಬೀಜ ಅಂತ ಬರ್ದು ಅಂಟಿಸಿದ್ದೇನೆ, ಈಗ ಬಂದವರೆಲ್ಲ ಅದನ್ನು ಓದಿ, ಇದಿರ್ಲಿ, ಮಖಾನ ಇಲ್ವಾ ಅಂತ ಕೇಳ್ತಾರೆ.